ಕಣ್ಣು ಕಾಣದವರಿಗೆ ಬರೀ ಬಾಯಿಮಾತಲ್ಲಿ ಫೋನ್ ನಡೆಸೋಕಾಗುತ್ತಾ?

ಪ್ರಶ್ನೆ: ಸರ್, ನಮ್ಮಪ್ಪಂಗೆ ಗ್ಲಾಕೋಮಾ ಆಗಿ ಎರಡೂ ಕಣ್ಣು ಪೂರ್ತಿ ಹೋಗಿದೆ. ಅವರ ಆಂಡ್ರಾಯ್ಡ್ ಫೋನಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿಕೊಟ್ವಿ, ಆದ್ರೆ ಮುಟ್ಟಿದ್ದನ್ನೆಲ್ಲ ಬರೀ ಓದುತ್ತೆ, ಏನೂ ಓಪನ್ ಆಗಲ್ಲ, ಸ್ಕ್ರಾಲೂ ಆಗಲ್ಲ, ಕೊನೆಗೆ ಆಫ್ ಮಾಡೋಕೂ ಪರದಾಡಿದ್ವಿ. ಇದನ್ನ ಬಿಟ್ಟು ಬಾಯಲ್ಲಿ ಹೇಳಿಯೇ ಫೋನ್ ನಡೆಸೋ ಹಾಗೆ ಮಾಡಬಹುದಾ? ವಾಯ್ಸ್ ಆಕ್ಸೆಸ್ ಅಂತ ಒಂದು ಆಪ್ ಇದೆಯಂತೆ. ಯಾರ ಸಹಾಯನೂ ಇಲ್ದೆ ವಾಟ್ಸಾಪಲ್ಲಿ ಮೆಸೇಜ್ ಕಳಿಸ್ಬೇಕು ಅನ್ನೋದು ಅಪ್ಪನ ಆಸೆ.

ಉತ್ತರ: ಬರೀ ಬಾಯಿಮಾತಲ್ಲಿ ಆಗಲ್ಲ. ಟಾಕ್‌ಬ್ಯಾಕ್ ಆಫ್ ಮಾಡಬೇಡಿ, ಅದನ್ನೇ ಮುಖ್ಯವಾಗಿ ಇಟ್ಕೊಂಡು ಬಾಯಿಮಾತನ್ನ ಅದರ ಜೊತೆಗೆ ಸೇರಿಸ್ಕೊಳ್ಳಿ. ನಾನೂ ಕಣ್ಣು ಕಾಣದವನೇ, ದಿನವಿಡೀ ಸ್ಕ್ರೀನ್ ರೀಡರ್, ಅಂದ್ರೆ ಟಾಕ್‌ಬ್ಯಾಕ್ ಥರ ಸ್ಕ್ರೀನ್ ಮೇಲಿರೋದನ್ನ ಓದಿ ಹೇಳೋ ಆಪ್ ಮೇಲೇ ಕೆಲಸ ಮಾಡ್ತೀನಿ, ಹೊಸಬರಿಗೆ ಕಲಿಸ್ತೀನಿ ಕೂಡ. ಮನೆಯವರು ಮೊದಲು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಇದೇ ಆಗಿರುತ್ತೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ವಾಯ್ಸ್ ಆಕ್ಸೆಸ್ ವಿಷಯ. ಅದು ಒಳ್ಳೇ ಆಪೇ, ಆದ್ರೆ ಅದನ್ನ ಮಾಡಿರೋದು ಕಣ್ಣು ಕಂಡು ಕೈ ಆಡದವರಿಗೆ, ಅಂದ್ರೆ ಪಾರ್ಶ್ವವಾಯು ಆದವರು, ಕೈ ನಡುಗೋರು ಇಂಥವರಿಗೆ. "ಶೋ ನಂಬರ್ಸ್" ಅಂದ್ರೆ ಸ್ಕ್ರೀನ್ ಮೇಲಿರೋ ಪ್ರತಿ ಬಟನ್ ಪಕ್ಕ ಒಂದೊಂದು ನಂಬರ್ ಮೂಡುತ್ತೆ, ನೋಡ್ಕೊಂಡು "ಟ್ಯಾಪ್ ಸೆವೆನ್" ಅಂದ್ರೆ ಏಳನೇದು ಒತ್ತಿದ ಹಾಗಾಗುತ್ತೆ. ಆ ಏಳು ಎಲ್ಲಿದೆ, ಯಾವುದರ ಪಕ್ಕ ಇದೆ ಅಂತ ನಿಮ್ಮಪ್ಪಂಗೆ ಯಾರು ಹೇಳಬೇಕು? ಅಲ್ಲಿಗೆ ಮತ್ತೆ ನೀವೇ ಪಕ್ಕದಲ್ಲಿ ಕೂರಬೇಕಾಯ್ತು. ಐಫೋನಲ್ಲಿರೋ ವಾಯ್ಸ್ ಕಂಟ್ರೋಲೂ ಇದೇ ಜಾತಿದು. ಕಣ್ಣಿನ ಜೊತೆಗೆ ಕೈಯೂ ಆಡದೇ ಇರೋರು ಸ್ಕ್ರೀನ್ ರೀಡರನ್ನ ಆನ್ ಇಟ್ಕೊಂಡು, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು, ಅದು ಓದಿ ಹೇಳಿದ ಬಟನ್ ಹೆಸರನ್ನೇ "ಟ್ಯಾಪ್ ಸೆಂಡ್" ಅಂತ ಹೇಳಿ ಒತ್ತಿಸಬಹುದು. ನಿಮ್ಮಪ್ಪನ ಕೈ ಚೆನ್ನಾಗಿದ್ರೆ ಆ ಸುತ್ತು ದಾರಿ ಬೇಡ.

ಗೂಗಲ್ ಅಸಿಸ್ಟೆಂಟ್ ಥರದ್ದು ಬೇರೆ. "ಇಂಥವರಿಗೆ ಕಾಲ್ ಮಾಡು", "ಬೆಳಿಗ್ಗೆ ಆರಕ್ಕೆ ಅಲಾರಂ ಇಡು", "ಓಪನ್ ವಾಟ್ಸಾಪ್", ಇಂಥವನ್ನ ಒಂದೇ ಮಾತಲ್ಲಿ ಮುಗಿಸಿಬಿಡುತ್ತೆ, ನಾನೂ ದಿನಾ ಬಳಸ್ತೀನಿ. ಆದ್ರೆ ಆಪ್ ತೆಗೆದ ಮೇಲೆ ಒಳಗೆ ಏನಿದೆ, ಅಪ್‌ಡೇಟ್ ಕೇಳ್ತಿದೆಯಾ, ಪರ್ಮಿಷನ್ ಕೇಳ್ತಿದೆಯಾ, ಬೇರೆ ಯಾರದ್ದೋ ಚಾಟ್ ತೆರೆದಿದೆಯಾ ಅನ್ನೋದನ್ನ ಅದು ಹೇಳಲ್ಲ. ಬಾಯಿಮಾತಿಂದ ಫೋನಿಗೆ ಕೆಲಸ ಹೇಳಬಹುದು, ಆ ಕೆಲಸ ಸರಿಯಾಗಿ ಆಯ್ತಾ ಇಲ್ವಾ ಅಂತ ಗೊತ್ತಾಗೋದು ಮಾತ್ರ ಸ್ಕ್ರೀನ್ ರೀಡರಿಂದಲೇ. ಇದೊಂದು ಮನಸ್ಸಲ್ಲಿದ್ರೆ ಯಾವ ಕೆಲಸಕ್ಕೆ ಯಾವುದು ಅನ್ನೋ ಗೊಂದಲ ಇರಲ್ಲ.

ಈಗ ಏನೂ ಓಪನ್ ಆಗಲ್ಲ ಅಂದ್ರಲ್ಲ, ಅದು ಫೋನ್ ಕೆಟ್ಟಿದ್ದಲ್ಲ. ಟಾಕ್‌ಬ್ಯಾಕ್ ಆನ್ ಆದ ತಕ್ಷಣ ಮುಟ್ಟೋದೇ ಬೇರೆ, ಒತ್ತೋದೇ ಬೇರೆ ಆಗಿಬಿಡುತ್ತೆ. ಒಂದು ಬೆರಳಲ್ಲಿ ಮುಟ್ಟಿದ್ರೆ ಅಲ್ಲೇನಿದೆ ಅಂತ ಬರೀ ಓದುತ್ತೆ, ಇಲ್ಲಾಂದ್ರೆ ಕಣ್ಣು ಕಾಣದವರು ಹುಡುಕ್ತಾ ಬೆರಳು ಆಡಿಸಿದ ಕಡೆಯೆಲ್ಲ ಏನೇನೋ ಓಪನ್ ಆಗ್ತಾ ಹೋಗುತ್ತೆ ಅಲ್ವಾ. ಕೊನೆಗೆ ಓದಿದ್ದು ಯಾವುದೋ ಅದರ ಮೇಲೆ ಟಾಕ್‌ಬ್ಯಾಕಿನ ಗುರುತು ನಿಂತಿರುತ್ತೆ, ಅದಕ್ಕೆ ಫೋಕಸ್ ಅಂತಾರೆ, ಕಣ್ಣಿರೋರಿಗೆ ಅದು ಒಂದು ಬಣ್ಣದ ಚೌಕಟ್ಟಾಗಿ ಕಾಣುತ್ತೆ. ಅದನ್ನ ಒತ್ತಬೇಕು ಅಂದ್ರೆ ಎರಡು ಸಲ ಪಟಪಟ ಅಂತ ತಟ್ಟಬೇಕು. ಇಲ್ಲಿ ಮನೆಯವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ: ಆ ಎರಡು ತಟ್ಟನ್ನ ಐಕಾನ್ ಮೇಲೇ ತಟ್ಟಬೇಕು ಅಂತಿಲ್ಲ, ಸ್ಕ್ರೀನಲ್ಲಿ ಎಲ್ಲಿ ತಟ್ಟಿದ್ರೂ ಫೋಕಸ್ ಇರೋದೇ ಒತ್ತುತ್ತೆ. ನಿಮ್ಮಪ್ಪ ಐಕಾನ್ ಸಿಕ್ಕ ಮೇಲೆ ಬೆರಳೆತ್ತಿ ಮತ್ತೆ ಅದೇ ಜಾಗ ಹುಡುಕ್ತಾ ಇರ್ತಾರೆ, ಹುಡುಕೋವಾಗ ಬೆರಳು ಪಕ್ಕಕ್ಕೆ ತಗಲಿ ಫೋಕಸ್ಸೂ ಪಕ್ಕಕ್ಕೆ ಹೋಗಿಬಿಡುತ್ತೆ. ಹೆಸರು ಕೇಳಿಸಿತಾ, ಬೆರಳೆತ್ತಿ, ಸ್ಕ್ರೀನ್ ಮಧ್ಯದಲ್ಲಿ ಎಲ್ಲಾದ್ರೂ ಎರಡು ತಟ್ಟು ಅಂತ ಹೇಳಿಕೊಡಿ.

ಇನ್ನೊಂದು, ಬಲಕ್ಕೆ ಒಂದು ಬೆರಳಲ್ಲಿ ಗೀರಿದ್ರೆ ಮುಂದಿನ ಐಟಂ, ಎಡಕ್ಕೆ ಗೀರಿದ್ರೆ ಹಿಂದಿನದು. ಹೀಗೆ ಗೀರ್ತಾ ಹೋದ್ರೆ ಸ್ಕ್ರೀನ್ ಮೇಲಿರೋದೆಲ್ಲ ಒಂದಾದ ಮೇಲೊಂದು ಕೇಳುತ್ತೆ, ಎಲ್ಲಿದೆ ಅಂತ ಹುಡುಕೋ ಕೆಲಸ ಇಲ್ಲ. ವಯಸ್ಸಾದವರಿಗೆ ಇಲ್ಲೇ ತೊಡಕು ಬರೋದು, ಯಾಕಂದ್ರೆ ಅವರು ಹುಷಾರಾಗಿ ನಿಧಾನಕ್ಕೆ ಎಳೀತಾರೆ, ನಿಧಾನಕ್ಕೆ ಎಳೆದ್ರೆ ಟಾಕ್‌ಬ್ಯಾಕ್ ಅದನ್ನ ಗೀರು ಅಂತ ತಗೊಳ್ಳಲ್ಲ, ಬೆರಳು ಹುಡುಕ್ತಾ ಇದೆ ಅಂದ್ಕೊಂಡು ದಾರೀಲಿ ಸಿಕ್ಕಿದ್ದನ್ನೆಲ್ಲ ಓದುತ್ತೆ. ಪಕ್ಕದಲ್ಲಿ ಕೂತು ಕಿವಿಗೊಟ್ಟು ಕೇಳಿ: ಒಂದು ಗೀರಿಗೆ ಒಂದೇ ಹೆಸರು ಬಂದ್ರೆ ಸರಿಯಾಗಿದೆ, ಎರಡು ಮೂರು ಹೆಸರು ಅರ್ಧರ್ಧ ತುಂಡಾಗಿ ಬಂದ್ರೆ ಬೆರಳು ನಿಧಾನ ಆಯ್ತು ಅಂತ ಅರ್ಥ. ಬೆರಳನ್ನ ಒತ್ತಿ ಎಳೆಯೋದಲ್ಲ, ಮೇಜಿನ ಮೇಲಿನ ಧೂಳನ್ನ ತುದಿಬೆರಳಲ್ಲಿ ಹಾರಿಸಿದ ಹಾಗೆ ಚಕ್ಕಂತ ಗೀರಿ ಎತ್ತಬೇಕು, ಉದ್ದ ಎಳೆಯೋ ಅಗತ್ಯನೇ ಇಲ್ಲ. ಎರಡು ತಟ್ಟಿಗೂ ಇದೇ ಮಾತು, ಮಧ್ಯೆ ಬಿಡುವು ಜಾಸ್ತಿಯಾದ್ರೆ ಅದು ಎರಡು ಬೇರೆ ಬೇರೆ ಮುಟ್ಟು ಆಗುತ್ತೆ. ಐಫೋನ್ ಇದ್ದವರಿಗೆ ಅದರ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಸೆಟ್ಟಿಂಗ್ಸಲ್ಲಿ ಡಬಲ್ ಟ್ಯಾಪ್ ಟೈಮೌಟ್ ಅಂತ ಇದೆ, ಬೆರಳು ನಿಧಾನ ಇದ್ರೆ ಅದನ್ನ ಜಾಸ್ತಿ ಮಾಡ್ಕೊಳ್ಳಬಹುದು.

ಸ್ಕ್ರಾಲ್ ಮಾಡೋದು ಎರಡು ಬೆರಳಲ್ಲಿ. ಎರಡನ್ನೂ ಸ್ವಲ್ಪ ದೂರ ಇಟ್ಟು ಒಟ್ಟಿಗೆ ಮೇಲಕ್ಕೆ ಸರಿಸಿದ್ರೆ ಪಟ್ಟಿ ಮುಂದಕ್ಕೆ ಹೋಗುತ್ತೆ (ಐಫೋನಲ್ಲಾದ್ರೆ ಮೂರು ಬೆರಳು). ಹಿಂದಕ್ಕೆ ಹೋಗೋಕೆ ಒಂದೇ ಬೆರಳಲ್ಲಿ ಕೆಳಕ್ಕೆ ಎಳೆದು ಎತ್ತದೆ ಎಡಕ್ಕೆ ತಿರುಗಿಸ್ಬೇಕು, ಹೋಮ್ ಸ್ಕ್ರೀನಿಗೆ ಮೇಲಕ್ಕೆ ಎಳೆದು ಎಡಕ್ಕೆ. ಶುರುವಲ್ಲಿ ಇಷ್ಟು ಸಾಕು ಸರ್, ಇನ್ನೂ ಇಪ್ಪತ್ತು ಗೆಸ್ಚರ್ ಇವೆ, ಎಲ್ಲ ಒಂದೇ ದಿನ ಹೇಳಿದ್ರೆ ಒಂದೂ ನೆನಪಿರಲ್ಲ. ಟಾಕ್‌ಬ್ಯಾಕ್ ಸೆಟ್ಟಿಂಗ್ಸ್ ಒಳಗೇ ಟ್ಯುಟೋರಿಯಲ್ ಇದೆ, ಅಲ್ಲಿ ಏನು ಗೀರಿದ್ರೂ ಏನೂ ಹಾಳಾಗಲ್ಲ.

ಆಫ್ ಮಾಡೋಕೆ ವಾಲ್ಯೂಮ್‌ನ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡೀರಿ, ಆನ್ ಮಾಡೋಕೂ ಅದೇ. ಆದ್ರೆ ಇದು ಕೆಲಸ ಮಾಡ್ಬೇಕು ಅಂದ್ರೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸಲ್ಲಿ ಟಾಕ್‌ಬ್ಯಾಕ್ ಶಾರ್ಟ್‌ಕಟ್ ಅನ್ನೋದು ಆನ್ ಇರಬೇಕು, ಕೆಲವು ಫೋನಲ್ಲಿ ಅದು ಆಫ್ ಇರುತ್ತೆ, ಕೆಲವದ್ರಲ್ಲಿ ಬೇರೆ ಬಟನ್ನಿಗೆ ಕೊಟ್ಟಿರ್ತಾರೆ. ನೀವು ಪರದಾಡಿದ್ದು ಬಹುಶಃ ಇದಕ್ಕೇ. ಮೊದಲು ಅದನ್ನ ಸೆಟ್ ಮಾಡಿಡಿ, ಆಮೇಲೆ ಪಾಠ. ಅಸಿಸ್ಟೆಂಟಿಗೆ "ಟರ್ನ್ ಆನ್ ಟಾಕ್‌ಬ್ಯಾಕ್" ಅಂದ್ರೂ ಆಗುತ್ತೆ, ಮನೇಲಿ ಬೇರೆ ಯಾರಾದ್ರೂ ಫೋನ್ ಬಳಸಿ ಆಫ್ ಮಾಡಿ ಇಟ್ಟಿದ್ರೆ ಅಪ್ಪಂಗೆ ಈ ಮಾತು ಗೊತ್ತಿರಬೇಕು.

ಫೋನ್ ಯಾವ ಭಾಷೇಲಿ ಓದ್ತಿದೆ ಅನ್ನೋದನ್ನೂ ನೋಡಿ. ಓದೋ ದನಿ ಟಾಕ್‌ಬ್ಯಾಕಿನದಲ್ಲ, ಅದರ ಹಿಂದೆ ಟೆಕ್ಸ್ಟ್ ಟು ಸ್ಪೀಚ್ ಅನ್ನೋ ಬೇರೆ ಇಂಜಿನ್ ಇರುತ್ತೆ. ಆ ಇಂಜಿನ್ ಬರೀ ಇಂಗ್ಲಿಷ್ ದನೀಲಿದ್ರೆ ಕನ್ನಡದಲ್ಲಿ ಸೇವ್ ಮಾಡಿದ ಹೆಸರು, ಕನ್ನಡದ ಮೆಸೇಜ್ ಬಂದ ಕಡೆ ಸುಮ್ಮನಾಗಿಬಿಡಬಹುದು, ಕೇಳೋರಿಗೆ ಅಲ್ಲಿ ಏನೂ ಇಲ್ಲ ಅಥವಾ ಫೋನ್ ಹ್ಯಾಂಗ್ ಆಯ್ತು ಅನ್ನಿಸುತ್ತೆ. ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗ್ಸಿಗೆ ಹೋಗಿ ಗೂಗಲ್ ಇಂಜಿನಲ್ಲಿ ಕನ್ನಡದ ವಾಯ್ಸ್ ಡೇಟಾ ಡೌನ್‌ಲೋಡ್ ಮಾಡಿ, ನೆಟ್ ಇಲ್ದಾಗಲೂ ಓದಬೇಕಲ್ಲ. ಕನ್ನಡದ ದನಿ ಇಂಗ್ಲಿಷ್ ಪದಗಳನ್ನ ಸ್ವಲ್ಪ ಬೇರೆ ಥರ ಉಚ್ಚಾರ ಮಾಡುತ್ತೆ, ಎರಡು ದಿನದಲ್ಲಿ ಕಿವಿಗೆ ಒಗ್ಗುತ್ತೆ. ಈಸ್ಪೀಕ್ ಅನ್ನೋ ಇನ್ನೊಂದು ಇಂಜಿನಲ್ಲೂ ಕನ್ನಡ ಇದೆ, ದನಿ ರೋಬೋಟ್ ಥರ ಇರುತ್ತೆ, ಆದ್ರೆ ಬೆರಳಿಟ್ಟ ತಕ್ಷಣ ಮಾತಾಡುತ್ತೆ, ವೇಗ ಜಾಸ್ತಿ ಮಾಡಿದ್ರೂ ಪದ ಬಿಡಿಬಿಡಿಯಾಗಿ ಕೇಳುತ್ತೆ. ನಿಮ್ಮಪ್ಪಂಗೆ ಸದ್ಯಕ್ಕೆ ಗೂಗಲಿಂದೇ ಇರಲಿ, ವೇಗ ಮಾತ್ರ ಕಮ್ಮಿ ಮಾಡಿ.

ಈಗ ಮೆಸೇಜ್ ಕಳಿಸೋದು. ಬಾಯಿಮಾತು ಎಲ್ಲಿ ಉಪಯೋಗ, ಬೆರಳು ಎಲ್ಲಿ ಬೇಕೇ ಬೇಕು ಅನ್ನೋದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತೆ, ಅದಕ್ಕೆ ಒಂದೊಂದೇ ಹೆಜ್ಜೆ ಹೇಳ್ತೀನಿ.

ಅಸಿಸ್ಟೆಂಟಿಗೆ "ಓಪನ್ ವಾಟ್ಸಾಪ್" ಅನ್ನಲಿ. ತೆರೆದ ಮೇಲೆ ಟಾಕ್‌ಬ್ಯಾಕ್ "ವಾಟ್ಸಾಪ್" ಅಂತ ಹೇಳುತ್ತೆ, ಅದು ಕೇಳೋವರೆಗೂ ಬೆರಳಿಡೋದು ಬೇಡ. ಆಮೇಲೆ ಸ್ಕ್ರೀನಿನ ನಡುವಲ್ಲಿ ಒಂದು ಬೆರಳಿಟ್ರೆ ಯಾವುದಾದ್ರೂ ಒಂದು ಚಾಟ್ ಸಿಗುತ್ತೆ, ಅಲ್ಲಿಂದ ಬಲಕ್ಕೆ ಗೀರ್ತಾ ಹೋದ್ರೆ ಹೆಸರುಗಳು ಒಂದೊಂದಾಗಿ ಬರ್ತವೆ. ಹೆಸರಿನ ಜೊತೆಗೆ ಕೊನೇ ಮೆಸೇಜು, ಟೈಮು ಎಲ್ಲ ಓದೋಕೆ ಶುರು ಮಾಡುತ್ತೆ, ಪೂರ್ತಿ ಕೇಳಬೇಕು ಅಂತಿಲ್ಲ, ಹೆಸರು ಕೇಳಿದ ತಕ್ಷಣ ಮುಂದಕ್ಕೆ ಗೀರಬಹುದು. ಬೇಕಾದವರ ಹೆಸರು ಬಂತಾ, ಎರಡು ತಟ್ಟು.

ಚಾಟ್ ಒಳಗೆ ಹೋದ ಮೇಲೆ ಗೀರ್ತಾ ಕೂತ್ರೆ ಹಳೇ ಮೆಸೇಜೆಲ್ಲ ದಾಟಬೇಕಾಗುತ್ತೆ. ಅದರ ಬದಲು ಜಾಗ ನೆನಪಿಟ್ಕೊಳ್ಳೋದು ಲೇಸು: ಟೈಪ್ ಮಾಡೋ ಡಬ್ಬ ಸ್ಕ್ರೀನಿನ ಕೆಳಗಿನ ಅಂಚಲ್ಲಿರುತ್ತೆ. ಫೋನಿನ ಕೆಳಗಿನ ಅಂಚನ್ನ ಬೆರಳಲ್ಲಿ ಮುಟ್ಟಿ ನೋಡ್ಕೊಂಡು ಅಲ್ಲಿಂದ ನಿಧಾನಕ್ಕೆ ಗಾಜಿನ ಮೇಲೆ ಮೇಲಕ್ಕೆ ಜಾರಿಸಿದ್ರೆ ಆ ಡಬ್ಬ ಓದುತ್ತೆ. ಇಲ್ಲಿ ನಿಧಾನಕ್ಕೇ ಜಾರಿಸ್ಬೇಕು, ಯಾಕಂದ್ರೆ ಇದು ಹುಡುಕಾಟ, ಗೀರು ಅಲ್ಲ. ಎರಡು ತಟ್ಟಿದ್ರೆ ಕೀಬೋರ್ಡ್ ಬರುತ್ತೆ, ಬಂದಿದೆ ಅಂತ ಟಾಕ್‌ಬ್ಯಾಕ್ ಹೇಳುತ್ತೆ. ಈಗ ಡಬ್ಬ ಕೀಬೋರ್ಡಿನ ಮೇಲಕ್ಕೆ ಸರಿದಿರುತ್ತೆ ಅನ್ನೋದನ್ನ ಹೇಳಿಕೊಡೋಕೆ ಮರೀಬೇಡಿ, ಹೊಸಬರು ಹಳೇ ಜಾಗದಲ್ಲೇ ಹುಡುಕ್ತಾ ಇರ್ತಾರೆ.

ಕೀಬೋರ್ಡಿನ ನಿಯಮ ಬೇರೆ. ಗೂಗಲ್‌ನ ಕೀಬೋರ್ಡ್ ಆದ ಜೀಬೋರ್ಡಲ್ಲಿ ಬೆರಳು ಜಾರಿಸ್ತಾ ಹೋದ್ರೆ ಅಕ್ಷರ ಓದುತ್ತೆ, ಬೆರಳೆತ್ತಿದ್ರೆ ಆ ಅಕ್ಷರ ಟೈಪ್ ಆಗುತ್ತೆ, ಎರಡು ತಟ್ಟು ಬೇಡ. ಹಾಗಾಗಿ ತಪ್ಪು ಜಾಗದಲ್ಲಿ ಬೆರಳೆತ್ತಿದ್ರೆ ಬೇಡದ ಅಕ್ಷರ ಬೀಳುತ್ತೆ, ಬೇಡ ಅನ್ನಿಸಿದ್ರೆ ಬೆರಳನ್ನ ಎತ್ತದೆ ಕೀಬೋರ್ಡಿನಿಂದ ಹೊರಕ್ಕೆ ಜಾರಿಸಿ ಆಮೇಲೆ ಎತ್ತಬೇಕು. ನಿಮ್ಮಪ್ಪಂಗೆ ಟೈಪಿಂಗ್ ಸದ್ಯಕ್ಕೆ ಬೇಡ, ಕೀಬೋರ್ಡಿನ ಮೇಲಿನ ಸಾಲಿನ ಬಲಗಡೆ ಮೈಕ್ ಇರುತ್ತೆ, ಅದರ ಮೇಲೆ ಬಂದು ವಾಯ್ಸ್ ಟೈಪಿಂಗ್ ಅನ್ನೋ ಥರ ಏನಾದ್ರೂ ಕೇಳಿದ ಮೇಲೆ ಅದನ್ನ ಒತ್ತಿ ಮಾತಾಡಲಿ. ಜೀಬೋರ್ಡಿನ ವಾಯ್ಸ್ ಟೈಪಿಂಗಲ್ಲಿ 2017ರಿಂದಲೇ ಕನ್ನಡ ಇದೆ. ಆದ್ರೆ ಕೀಬೋರ್ಡ್ ಆ ಹೊತ್ತಿಗೆ ಯಾವ ಭಾಷೇಲಿದೆಯೋ ಮೈಕೂ ಅದೇ ಭಾಷೆ ಅಂದ್ಕೊಂಡು ಕೇಳಿಸ್ಕೊಳ್ಳುತ್ತೆ. ಕೀಬೋರ್ಡ್ ಇಂಗ್ಲಿಷಲ್ಲಿದ್ದು ಅಪ್ಪ ಕನ್ನಡದಲ್ಲಿ ಮಾತಾಡಿದ್ರೆ ಸಂಬಂಧವೇ ಇಲ್ಲದ ಇಂಗ್ಲಿಷ್ ಪದಗಳು ಬೀಳ್ತವೆ, ಅದನ್ನ ಕೇಳಿ "ನನ್ನ ಮಾತು ಇದಕ್ಕೆ ಅರ್ಥ ಆಗಲ್ಲ" ಅಂತ ಕೈಬಿಟ್ಟವರು ಎಷ್ಟೋ ಜನ. ನೀವೇ ಕೀಬೋರ್ಡಲ್ಲಿ ಕನ್ನಡ ಒಂದನ್ನೇ ಇಟ್ಟುಕೊಡಿ, ಭಾಷೆ ತಪ್ಪಿ ಬದಲಾಗೋ ಪ್ರಶ್ನೆನೇ ಇರಲ್ಲ. ಮೈಕ್ ಒತ್ತಿದ ಮೇಲೆ ಟಾಕ್‌ಬ್ಯಾಕ್ ತನ್ನ ಮಾತು ಮುಗಿಸಿ ಶುರುವಾದ ಸದ್ದು ಬರೋವರೆಗೂ ಕಾಯಲಿ, ಗಡಿಬಿಡಿ ಮಾಡಿದ್ರೆ ಮೊದಲ ಪದ ನುಂಗಿಹೋಗುತ್ತೆ.

ಮಾತಾಡಿದ ತಕ್ಷಣ ಕಳಿಸೋದು ಬೇಡ. ವಾಯ್ಸ್ ಟೈಪಿಂಗು ಹೆಸರುಗಳನ್ನ, ಊರುಗಳನ್ನ, ನಂಬರನ್ನ ತಪ್ಪಾಗಿ ಬರೆಯೋದು ಸಾಮಾನ್ಯ, ಅದು ತಪ್ಪು ಬರೆದಿದೆ ಅಂತ ಅದು ತಾನಾಗಿ ಹೇಳಲ್ಲ. ಬೆರಳನ್ನ ಟೈಪ್ ಮಾಡೋ ಡಬ್ಬದ ಮೇಲೆ ತಂದ್ರೆ ಬರೆದಿದ್ದನ್ನ ಪೂರ್ತಿ ಓದುತ್ತೆ. ಅನುಮಾನ ಬಂದ್ರೆ ಮೂರು ಬೆರಳಲ್ಲಿ ಬಲಕ್ಕೋ ಎಡಕ್ಕೋ ಗೀರ್ತಾ ಹೋದ್ರೆ "ಪದಗಳು", "ಅಕ್ಷರಗಳು" ಅಂತ ಓದೋ ಕ್ರಮ ಬದಲಾಗುತ್ತೆ, ಪದಗಳಿಗೆ ಬಂದು ನಿಲ್ಲಿಸಿ ಒಂದು ಬೆರಳಲ್ಲಿ ಕೆಳಕ್ಕೆ ಗೀರಿದ್ರೆ ಒಂದೊಂದೇ ಪದ ಓದುತ್ತೆ. "ನಾಳೆ ಸಂಜೆ ಬರ್ತೀನಿ" ಅಂದಿದ್ದು "ನಾಳೆ ಸಂತೆ ಬರ್ತೀನಿ" ಅಂತಾಗಿದ್ರೆ ಪೂರ್ತಿ ವಾಕ್ಯ ಓದೋವಾಗ ಕಿವಿ ತಪ್ಪಿಸ್ಕೊಳ್ಳಬಹುದು, ಪದಪದ ಓದಿದಾಗ ಸಿಕ್ಕೇ ಸಿಗುತ್ತೆ. ಶುರುವಲ್ಲಿ ಆ ಒಂದು ಪದ ತಿದ್ದೋಕೆ ಹೋಗಬೇಡಿ, ಎಲ್ಲ ಅಳಿಸಿ ಮತ್ತೆ ಹೇಳೋದೇ ಬೇಗ ಆಗುತ್ತೆ.

ಕಳಿಸೋ ಬಟನ್ ಡಬ್ಬದ ಬಲಕ್ಕೆ ಅಂಚಲ್ಲಿರುತ್ತೆ. ಡಬ್ಬ ಖಾಲಿ ಇದ್ದಾಗ ಅದೇ ಜಾಗದಲ್ಲಿ ವಾಯ್ಸ್ ಮೆಸೇಜ್ ಬಟನ್ ಇರುತ್ತೆ, ಏನಾದ್ರೂ ಬರೆದಿದ್ರೆ ಮಾತ್ರ ಅದು ಸೆಂಡ್ ಆಗುತ್ತೆ. ಹಾಗಾಗಿ ಅಲ್ಲಿ "ವಾಯ್ಸ್ ಮೆಸೇಜ್" ಅಂತ ಕೇಳಿದ್ರೆ ಬರೆದದ್ದು ಬಿದ್ದಿಲ್ಲ ಅಂತ ತಿಳ್ಕೊಳ್ಳಬೇಕು. ಬರೆಯೋದೇ ಬೇಡ ಅನ್ನಿಸಿದ ದಿನ ವಾಯ್ಸ್ ಮೆಸೇಜೇ ಕಳಿಸಲಿ, ಆ ಬಟನ್ ಮೇಲೆ ಫೋಕಸ್ ತಂದು ಎರಡು ತಟ್ಟಬೇಕು, ಆದ್ರೆ ಎರಡನೇ ತಟ್ಟಲ್ಲಿ ಬೆರಳೆತ್ತದೆ ಒತ್ತಿ ಹಿಡಿದು ಮಾತಾಡಿ ಆಮೇಲೆ ಬಿಡಬೇಕು.

ಇಷ್ಟು ಬಂದ ಮೇಲೆ ಟಾಕ್‌ಬ್ಯಾಕಿಗೇ ಕೊಡೋ ಬಾಯಿಮಾತಿನ ಕಮಾಂಡ್ ಕಲಿಸಿ, ಇದು ಅಸಿಸ್ಟೆಂಟ್ ಅಲ್ಲ, ಬಹಳ ಜನಕ್ಕೆ ಗೊತ್ತೇ ಇಲ್ಲ. ಒಂದು ಬೆರಳಲ್ಲಿ ಬಲಕ್ಕೆ ಎಳೆದು ಎತ್ತದೆ ಮೇಲಕ್ಕೆ ತಿರುಗಿಸಿದ್ರೆ ಟಾಕ್‌ಬ್ಯಾಕ್ ಕೇಳಿಸ್ಕೊಳ್ಳೋಕೆ ಕಾಯುತ್ತೆ. ಆಗ "ಫೈಂಡ್ ಸೆಂಡ್" ಅಂದ್ರೆ ಸ್ಕ್ರೀನಲ್ಲಿ ಸೆಂಡ್ ಅನ್ನೋದು ಎಲ್ಲಿದೆಯೋ ಅಲ್ಲಿಗೆ ಫೋಕಸ್ ಹೋಗುತ್ತೆ, "ರೀಡ್ ಫ್ರಮ್ ಟಾಪ್" ಅಂದ್ರೆ ಮೇಲಿಂದ ಓದುತ್ತೆ. ನಾನು ಇವನ್ನ ಇಂಗ್ಲಿಷ್ ಮಾತಲ್ಲೇ ಹೇಳೋದು. ಉದ್ದುದ್ದ ಫಾರ್ಮ್ ತುಂಬೋವಾಗ, ಸೆಟ್ಟಿಂಗ್ಸಲ್ಲಿ ಏನೋ ಹುಡುಕೋವಾಗ ಇದರಿಂದ ಆಗೋ ಉಪಕಾರ ಅಷ್ಟಿಷ್ಟಲ್ಲ, ಯಾಕಂದ್ರೆ ಇಲ್ಲಿ ಬಾಯಿ ಹುಡುಕುತ್ತೆ, ಟಾಕ್‌ಬ್ಯಾಕ್ ಸಿಕ್ಕಿದ್ದನ್ನ ಓದಿ ಹೇಳುತ್ತೆ, ಎರಡೂ ಒಂದೇ ಕಡೆ ಇವೆ.

ಕೆಲವು ಆಪಲ್ಲಿ ಬರೀ "ಬಟನ್, ಅನ್‌ಲೇಬಲ್ಡ್" ಅಂತ ಕೇಳುತ್ತೆ. ಅದು ನಿಮ್ಮಪ್ಪನ ತಪ್ಪೂ ಅಲ್ಲ, ಟಾಕ್‌ಬ್ಯಾಕ್ ತಪ್ಪೂ ಅಲ್ಲ, ಆಪ್ ಮಾಡಿದವರು ಚಿತ್ರ ಹಾಕಿ ಅದಕ್ಕೊಂದು ಹೆಸರು ಬರೆದಿಲ್ಲ. ಒಂದು ಸಾಲು ಬರೆದ್ರೆ ಮುಗಿಯೋ ಕೆಲಸ, ಅದನ್ನೂ ಮಾಡದೇ ಇದ್ದಾಗ ನನಗೆ ನಿಜಕ್ಕೂ ಬೇಜಾರಾಗುತ್ತೆ. ಅಂಥ ಬಟನ್ ಮೇಲೆ ಫೋಕಸ್ ಇಟ್ಟು ಮೂರು ಬೆರಳಲ್ಲಿ ಒಮ್ಮೆ ತಟ್ಟಿದ್ರೆ ಟಾಕ್‌ಬ್ಯಾಕ್ ಮೆನು ಬರುತ್ತೆ, ಅದರಲ್ಲಿ ಲೇಬಲ್ ಸೇರಿಸೋ ಆಯ್ಕೆ ಇದ್ರೆ ನೀವು ನೋಡಿ ಒಂದು ಹೆಸರು ಕೊಡಿ, ಮುಂದೆ ಆ ಹೆಸರನ್ನೇ ಓದುತ್ತೆ. ಎಲ್ಲ ಬಟನ್ನಿಗೂ ಆ ಆಯ್ಕೆ ಬರಲ್ಲ, ಬರದೇ ಇದ್ರೆ ಆಪಿನವರಿಗೆ ಬರೆದು ಕೇಳೋದೇ ದಾರಿ.

ಫೋನ್ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದ್ರೆ ಗಾಬರಿಯಾಗಿ ರೀಸೆಟ್ ಮಾಡಬೇಡಿ. ಟಾಕ್‌ಬ್ಯಾಕಿನ ವಾಲ್ಯೂಮ್ ಹಾಡಿನ ವಾಲ್ಯೂಮಿಗಿಂತ ಬೇರೆ, ಅದು ತೀರಾ ಕಮ್ಮಿ ಆಗಿರಬಹುದು, ಸ್ಕ್ರೀನ್ ಮೇಲೆ ಬೆರಳಾಡಿಸಿ ಅದು ಮಾತಾಡ್ತಿರೋವಾಗಲೇ ವಾಲ್ಯೂಮ್ ಬಟನ್ ಒತ್ತಿದ್ರೆ ಸರಿಹೋಗುತ್ತೆ. ಸ್ಕ್ರೀನ್ ಕಪ್ಪಾಗಿದ್ದು ಮಾತು ಮಾತ್ರ ಬರ್ತಿದ್ರೆ ಸ್ಕ್ರೀನ್ ಮರೆಮಾಡೋ ಆಯ್ಕೆ ಆನ್ ಆಗಿರುತ್ತೆ, ಪಕ್ಕದವರು ಇಣುಕದೇ ಇರಲಿ ಅಂತ ನಾವು ಬೇಕಂತಲೇ ಬಳಸೋದು ಅದು, ಟಾಕ್‌ಬ್ಯಾಕ್ ಮೆನುವಲ್ಲೇ ವಾಪಸ್ ತರಬಹುದು. ಐಫೋನಲ್ಲಿ ಮೂರು ಬೆರಳಲ್ಲಿ ಮೂರು ಸಲ ತಟ್ಟಿದ್ರೆ ಸ್ಕ್ರೀನ್ ಕಪ್ಪಾಗುತ್ತೆ, ಎರಡು ಸಲ ತಟ್ಟಿದ್ರೆ ಮಾತು ನಿಂತು ಬರೀ ಟಿಕ್ ಟಿಕ್ ಸದ್ದು ಉಳಿಯುತ್ತೆ, ಮತ್ತೆ ಅದನ್ನೇ ಮಾಡಿದ್ರೆ ಸರಿಯಾಗುತ್ತೆ.

ಕೊನೇದಾಗಿ ಲಾಕ್. ಪಿನ್ ಒತ್ತೋವಾಗ ಅಂಕಿ ಜೋರಾಗಿ ಓದಿದ್ರೆ ಪಕ್ಕದವರಿಗೆಲ್ಲ ಗೊತ್ತಾಗುತ್ತೆ, ಟಾಕ್‌ಬ್ಯಾಕಲ್ಲಿ ಪಾಸ್‌ವರ್ಡ್ ಓದೋ ಆಯ್ಕೆ ಆಫ್ ಮಾಡಿದ್ರೆ ಇಯರ್‌ಫೋನ್ ಹಾಕಿದ್ದಾಗ ಮಾತ್ರ ಓದುತ್ತೆ. ದಿನದ ಬಳಕೆಗೆ ಬೆರಳಚ್ಚೇ ಸುಲಭ, ಆದ್ರೆ ಫೋನ್ ರೀಸ್ಟಾರ್ಟ್ ಆದಾಗ ಪಿನ್ ಕೇಳೇ ಕೇಳುತ್ತೆ, ಅದನ್ನೂ ಅಪ್ಪನ ಕೈಲೇ ಒತ್ತಿಸಿ ರೂಢಿ ಮಾಡಿಸಿ. ಮುಖ ತೋರಿಸಿ ಲಾಕ್ ತೆಗೆಯೋ ಐಫೋನ್ ಆದ್ರೆ ಕಣ್ಣು ಫೋನಿನ ಕಡೆ ನೋಡ್ತಿರಬೇಕು ಅನ್ನೋ ಷರತ್ತನ್ನ ಫೇಸ್ ಐಡಿ ಸೆಟ್ಟಿಂಗ್ಸಲ್ಲಿ ಆಫ್ ಮಾಡಿ, ಇಲ್ಲಾಂದ್ರೆ ಪ್ರತಿ ಸಲ ಪಾಸ್‌ಕೋಡ್ ಒತ್ತಬೇಕಾಗುತ್ತೆ. ಫೋನ್ ಬಂದಾಗ ಹಸಿರು ಬಟನ್ ಹುಡುಕೋದು ಬೇಡ, ಎರಡು ಬೆರಳಲ್ಲಿ ಎರಡು ತಟ್ಟಿದ್ರೆ ಕಾಲ್ ಎತ್ತುತ್ತೆ, ಮಾತು ಮುಗಿದ ಮೇಲೆ ಮತ್ತೆ ಹಾಗೇ ತಟ್ಟಿದ್ರೆ ಕಟ್ ಆಗುತ್ತೆ. ಹೊಸ ಆಂಡ್ರಾಯ್ಡಲ್ಲೂ ಐಫೋನಲ್ಲೂ ಇದು ಒಂದೇ. ನಿಮ್ಮ ಫೋನಲ್ಲಿ ಆಗದೇ ಇದ್ರೆ ಪ್ಲೇ ಸ್ಟೋರಲ್ಲಿ ಆಂಡ್ರಾಯ್ಡ್ ಆಕ್ಸೆಸಿಬಿಲಿಟಿ ಸೂಟ್ ಅಂತ ಹುಡುಕಿ ಅಪ್‌ಡೇಟ್ ಮಾಡಿ ನೋಡಿ, ಟಾಕ್‌ಬ್ಯಾಕ್ ಅದರ ಜೊತೆಗೇ ಬರೋದು.